ತೋಟದ ಸ್ಟೋರಿಗೆ ಎಬಿಸಿ ಲೆಕ್ಕ: ಯಾವ ಸಾಮಾನಿನ ಖರೀದಿಗೆ ಎಷ್ಟು ಗಮನ ಕೊಡಬೇಕು?

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದ ಸ್ಟೋರುಗಳನ್ನು ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಸ್ಪ್ರೇ ಹೋಸು ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ಏಕೆಂದರೆ ಒಂದು ರೋಲಿಗೆ ಸಾವಿರಗಟ್ಟಲೆ ಬೆಲೆ. ಡೀಸೆಲ್ ಬ್ಯಾರಲ್ ಮಾತ್ರ ಶೆಡ್ಡಿನ ಮೂಲೆಯಲ್ಲಿ ತೆರೆದೇ ಇರುತ್ತದೆ, ಏಕೆಂದರೆ ಲೀಟರಿಗೆ ನೂರು ರೂಪಾಯಿಯೂ ಇಲ್ಲ. ಆದರೆ ವರ್ಷಕ್ಕೆ ಹೋಸಿಗೆ ಹೋಗುವ ದುಡ್ಡಿನ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಡೀಸೆಲ್‌ಗೆ ಹೋಗುತ್ತದೆ. ಒಂದು ಸಾಮಾನಿನ ಬೆಲೆ ನೋಡಿ ಕಾವಲು ಹಾಕುತ್ತೇವೆ. ವರ್ಷಪೂರ್ತಿ ಅದು ತಿನ್ನುವ ದುಡ್ಡನ್ನು ನೋಡುವುದಿಲ್ಲ.

ಎಬಿಸಿ ವಿಶ್ಲೇಷಣೆ ಮಾಡುವುದು ಇದನ್ನೇ ಸರಿಪಡಿಸುವ ಕೆಲಸ. ಪ್ರತಿ ಸಾಮಾನಿನ ವಾರ್ಷಿಕ ಬಳಕೆಯನ್ನು ದರದಿಂದ ಗುಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಎ, ಬಿ, ಸಿ ಅಂತ ಮೂರು ಗುಂಪು ಮಾಡುವುದು. 1951ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಇದನ್ನು ಬರೆದು ಪ್ರಚಾರಕ್ಕೆ ತಂದರು. ಕಾರ್ಖಾನೆಗೆಂದು ಹುಟ್ಟಿದ ಲೆಕ್ಕ ಕಾಫಿ ತೋಟಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ ತೋಟಕ್ಕೆ ಮಳೆಗಾಲ, ಕುಯ್ಲು ಅಂತ ತನ್ನದೇ ಕಾಲ ಇದೆ. ಆ ಜಾಗದಲ್ಲಿ ಪುಸ್ತಕದ ನಿಯಮ ಸ್ವಲ್ಪ ಬದಲಾಗಬೇಕು. ಅದನ್ನೂ ಹೇಳುತ್ತೇನೆ.

ಉದಾಹರಣೆಗೆ ಮೂಡಿಗೆರೆ ಕಡೆಯ ನೂರು ಎಕರೆಯ ಒಂದು ತೋಟ ಇಟ್ಟುಕೊಳ್ಳೋಣ. ಅರೇಬಿಕಾ, ರೊಬಸ್ಟಾ ಎರಡೂ ಇದೆ, ಮರಕ್ಕೆ ಮೆಣಸು ಹಬ್ಬಿಸಿದೆ. ಸ್ಟೋರಿನಲ್ಲಿ 20 ಬಗೆಯ ಸಾಮಾನು. ಇಲ್ಲಿನ ಪ್ರಮಾಣ ಮತ್ತು ದರ ಲೆಕ್ಕ ತೋರಿಸಲು ಹಿಡಿದವು. ನಿಮ್ಮದನ್ನು ನಿಮ್ಮ ಬಿಲ್ಲು, ಸ್ಟಾಕ್ ಪುಸ್ತಕದಿಂದಲೇ ತೆಗೆಯಬೇಕು.

ಹಂತ 1: ಕೊಂಡದ್ದಲ್ಲ, ಬಳಸಿದ್ದು ಬರೆಯಿರಿ

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷ ಹಿಡಿಯಿರಿ. ಬಿಲ್ಲು ಕೂಡಿಸಿದರೆ ಸಿಗುವುದು ಖರೀದಿ. ನಮಗೆ ಬೇಕಾದದ್ದು ಬಳಕೆ. ವರ್ಷದ ಮೊದಲ ದಿನ ಇದ್ದ ಸ್ಟಾಕಿಗೆ ಖರೀದಿ ಸೇರಿಸಿ, ಕೊನೆಯ ದಿನ ಉಳಿದದ್ದನ್ನು ಕಳೆಯಿರಿ. ಡೀಸೆಲ್ ಶುರುವಿನಲ್ಲಿ 400 ಲೀಟರ್ ಇತ್ತು, 6,200 ಲೀಟರ್ ಬಂತು, ಕೊನೆಗೆ 600 ಉಳಿಯಿತು. ಹಾಗಾದರೆ ಬಳಕೆ 6,000 ಲೀಟರ್.

ಇದೇ ಹೊತ್ತಿಗೆ ಕೊಟ್ಟ ಲೆಕ್ಕದ ಪುಸ್ತಕವನ್ನೂ ಕೂಡಿಸಿ ನೋಡಿ. ಯಂತ್ರಗಳಿಗೆ ಕೊಟ್ಟದ್ದು ಅಂತ ರೈಟರು ಬರೆದಿರುವುದು 5,600 ಲೀಟರ್ ಮಾತ್ರ ಆಗಿದ್ದರೆ, 400 ಲೀಟರಿಗೆ ಲೆಕ್ಕವಿಲ್ಲ. ಬರೆಯಲು ಮರೆತಿರಬಹುದು, ಅಳತೆ ತಪ್ಪಿರಬಹುದು, ಸೋರಿರಬಹುದು. ಎಬಿಸಿಗೆ 6,000 ಅನ್ನೇ ಹಿಡಿಯಿರಿ, ದುಡ್ಡು ಹೋಗಿರುವುದು ಅಷ್ಟಕ್ಕೆ. ಆ 400ರ ಹಿಂದೆ ಬೇರೆಯಾಗಿ ಹೋಗಿ.

ಈ ಹಂತದಲ್ಲಿ ಜಾಸ್ತಿ ಕೆಡುವುದು ಅಳತೆ ಮತ್ತು ಹೆಸರು. ಯೂರಿಯಾ ಚೀಲ 45 ಕಿಲೋ, ಡಿಎಪಿ, ಪೊಟ್ಯಾಷ್ ಚೀಲ 50 ಕಿಲೋ. ಮೈಲುತುತ್ತ ಚೀಲದ ಲೆಕ್ಕದಲ್ಲಿ ಬರುತ್ತದೆ, ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಒಂದು ಸಾಮಾನಿಗೆ ಒಂದೇ ಅಳತೆ ಇರಲಿ, ದರವೂ ಅದೇ ಅಳತೆಯದಾಗಿರಲಿ. ಹೆಸರೂ ಒಂದೇ ಇರಲಿ. ಡಿಎಪಿ ಒಂದು ಪುಟದಲ್ಲಿ "ಡಿಎಪಿ" ಅಂತಲೂ ಇನ್ನೊಂದರಲ್ಲಿ "ಕಾಳು ಗೊಬ್ಬರ" ಅಂತಲೂ ಇದ್ದರೆ, ಎರಡು ಲಕ್ಷದ ಸಾಮಾನು ಎರಡು ತುಂಡಾಗಿ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಇದರ ತಿರುಗುಮುರುಗೂ ಆಗುತ್ತದೆ. "ಸ್ಪೇರ್ ಪಾರ್ಟ್ಸ್" ಅಂತ ಒಂದೇ ಸಾಲು ಬರೆದು ನಲವತ್ತು ಸಾಮಾನು ಅದರೊಳಗೆ ತುಂಬಿದರೆ ಅದು ಮೇಲಕ್ಕೆ ಬರುತ್ತದೆ, ಆದರೆ ಯಾವುದರ ಮೇಲೆ ಕಣ್ಣಿಡಬೇಕು ಅಂತ ಗೊತ್ತಾಗುವುದಿಲ್ಲ.

ಪಂಪ್‌ಸೆಟ್, ಹೊಸ ಪಲ್ಪರ್ ಥರದ ಒಮ್ಮೆ ಮಾತ್ರ ಕೊಳ್ಳುವ ಯಂತ್ರ ಈ ಪಟ್ಟಿಗೆ ಬೇಡ. ಅದು ಬೇರೆ ನಿರ್ಧಾರ.

ಹಂತ 2: ತೋಟಕ್ಕೆ ಬಂದು ಇಳಿದ ದರ ಹಾಕಿ

ಅಂಗಡಿ ದರಕ್ಕೆ ಲಾರಿ ಬಾಡಿಗೆ, ಹಮಾಲಿ, ವಾಪಸ್ ಸಿಗದ ತೆರಿಗೆ ಸೇರಿಸಿ. ಚಿಕ್ಕಮಗಳೂರಿನಲ್ಲಿ ಅಗ್ಗ ಅಂತ ಕಂಡದ್ದು ತೋಟದ ಬಾಗಿಲಿಗೆ ಬಂದಾಗ ಹಾಗೇ ಉಳಿಯುವುದಿಲ್ಲ. ವರ್ಷದಲ್ಲಿ ದರ ಏರಿಳಿದಿದ್ದರೆ ಒಟ್ಟು ಖರ್ಚನ್ನು ಒಟ್ಟು ಪ್ರಮಾಣದಿಂದ ಭಾಗಿಸಿ ಸರಾಸರಿ ತೆಗೆಯಿರಿ.

ಹಂತ 3: ಗುಣಿಸಿ, ಇಳಿಕೆಯಲ್ಲಿ ಜೋಡಿಸಿ, ಕೂಡುತ್ತಾ ಬನ್ನಿ

ಎಕ್ಸೆಲ್‌ನಲ್ಲಿ ಎ ಕಾಲಂ ಸಾಮಾನಿನ ಹೆಸರು, ಬಿ ಬಳಕೆ, ಸಿ ದರ ಇರಲಿ. ಮೊದಲ ಸಾಲು ತಲೆಬರಹ, ಆಮೇಲೆ 20 ಸಾಮಾನು.

```
D2:  =B2*C2
E2:  =SUM(D$2:D2)/SUM(D$2:D$21)
```

ಡಿ ಕಾಲಂ ತುಂಬಿದ ಮೇಲೆ ಅದರ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಇ ಕಾಲಂನ ಸೂತ್ರವನ್ನು ಜೋಡಿಸಿದ ನಂತರವೇ ಹಾಕಿ. ಜೋಡಿಸದೆ ಕೂಡುತ್ತಾ ಹೋದರೆ ಬರುವ ಶೇಕಡಾವಾರಿಗೆ ಅರ್ಥವಿಲ್ಲ. ನಮ್ಮ ತೋಟದ ಲೆಕ್ಕ ಹೀಗೆ ಬರುತ್ತದೆ:

| ಸಾಮಾನು | ವರ್ಷದ ಬಳಕೆ | ದರ (₹) | ಮೌಲ್ಯ (₹) | ಕೂಡುತ್ತಾ ಬಂದ ಪಾಲು |
|---|---|---|---|---|
| ಡೀಸೆಲ್ | 6,000 ಲೀ. | 90 | 5,40,000 | ಶೇ. 34.5 |
| ಪೊಟ್ಯಾಷ್ | 160 ಚೀಲ | 1,700 | 2,72,000 | ಶೇ. 52.0 |
| ಮೈಲುತುತ್ತ | 900 ಕಿಲೋ | 260 | 2,34,000 | ಶೇ. 66.9 |
| ಡಿಎಪಿ | 150 ಚೀಲ | 1,350 | 2,02,500 | ಶೇ. 79.9 |
| ಗೋಣಿಚೀಲ | 1,000 | 60 | 60,000 | ಶೇ. 83.7 |
| ಯೂರಿಯಾ | 180 ಚೀಲ | 270 | 48,600 | ಶೇ. 86.8 |
| ಪೆಟ್ರೋಲ್ | 450 ಲೀ. | 100 | 45,000 | ಶೇ. 89.7 |
| ಟಾರ್ಪಾಲು | 20 | 2,000 | 40,000 | ಶೇ. 92.3 |
| ಸ್ಪ್ರೇ ಹೋಸು | 4 ರೋಲ್ | 6,000 | 24,000 | ಶೇ. 93.8 |
| ಉಳಿದ 11 ಸಾಮಾನು | | | 96,900 | ಶೇ. 100 |

ಒಟ್ಟು ₹15,63,000. ಉಳಿದ ಹನ್ನೊಂದರಲ್ಲಿ ಎಂಜಿನ್ ಆಯಿಲ್, ಸುಣ್ಣ, ಮಳೆಕೋಟು, ನರ್ಸರಿ ಚೀಲ, ಕಳೆ ಕೊಚ್ಚುವ ಮೆಷಿನ್ನಿನ ಬ್ಲೇಡು, ಕತ್ತಿ, ನಾಝಲ್, ಮೊಳೆ ತಂತಿ, ಪಲ್ಪರ್ ರಬ್ಬರ್, ಸ್ಪ್ರಿಂಕ್ಲರ್ ಪೈಪಿನ ರಬ್ಬರ್ ರಿಂಗು, ಪುಸ್ತಕ ಪೆನ್ನು ಬರುತ್ತವೆ.

ಹಂತ 4: ಗೆರೆ ಎಲ್ಲಿ ಎಳೆಯಬೇಕು

ರೂಢಿಯ ಲೆಕ್ಕದಲ್ಲಿ ಮೊದಲ ಶೇ. 70ರಿಂದ 80ರಷ್ಟು ಮೌಲ್ಯ ಎ, ಶೇ. 95ರ ಆಸುಪಾಸಿನವರೆಗೆ ಬಿ, ಉಳಿದದ್ದು ಸಿ. ಆದರೆ ಶೇಕಡಾವಾರಿಗೆ ಜೋತುಬೀಳಬೇಡಿ. ಮೌಲ್ಯದ ಕಾಲಂನಲ್ಲಿ ಎಲ್ಲಿ ದೊಡ್ಡ ಇಳಿತ ಇದೆ ನೋಡಿ. ಡಿಎಪಿ ಎರಡು ಲಕ್ಷ, ಅದರ ಕೆಳಗಿನ ಗೋಣಿಚೀಲ ಬರೀ ಅರವತ್ತು ಸಾವಿರ. ಗೆರೆ ತಾನಾಗಿಯೇ ಅಲ್ಲಿ ಬೀಳುತ್ತದೆ. ಹೋಸಿನ ನಂತರ ಬರುವ ಎಂಜಿನ್ ಆಯಿಲ್ ₹16,000. ಅದನ್ನು ಸೇರಿಸಿದರೂ ಪಾಲು ಶೇ. 94.8 ಮಾತ್ರ, ಅಂದರೆ ಕಟ್ಟುನಿಟ್ಟಿನ ಸೂತ್ರ ಅದನ್ನು ಬಿಗೆ ಹಾಕುತ್ತದೆ. ನಾನಾದರೆ ಸಿಯಲ್ಲೇ ಬಿಡುತ್ತೇನೆ, ಏಕೆಂದರೆ ಅದು ಸುಣ್ಣ, ಮಳೆಕೋಟಿನ ಸಾಲಿನ ಸಾಮಾನು.

ಹೀಗೆ 4 ಸಾಮಾನು ಎ, 5 ಬಿ, 11 ಸಿ. ಎ ಗುಂಪಿನ ನಾಲ್ಕೇ ಸಾಮಾನು ₹12,48,500 ತಿನ್ನುತ್ತವೆ. ಹನ್ನೊಂದು ಸಿ ಸಾಮಾನು ಸೇರಿದರೂ ಶೇ. 6 ದಾಟುವುದು ಸ್ವಲ್ಪವೇ. ಎ ಗುಂಪಿನಲ್ಲಿ ಶೇ. 5 ಉಳಿಸಿದರೆ ₹62,000 ದಾಟುತ್ತದೆ. ಸಿ ಗುಂಪಿನಲ್ಲಿ ಅಷ್ಟೇ ಪಾಲು ಉಳಿಸಲು ಹನ್ನೊಂದು ಸಾಮಾನಿಗೆ ಚೌಕಾಸಿ ಮಾಡಿದರೂ ₹5,000 ಆಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಅರ್ಧದಷ್ಟು ಸಾಲು ಎ ಗುಂಪಿಗೆ ಬಂದರೆ ಹಂತ 1ಕ್ಕೆ ವಾಪಸ್ ಹೋಗಿ. ಒಂದೇ ಸಾಮಾನು ಹಲವು ಹೆಸರಲ್ಲಿ ಒಡೆದಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ತಪ್ಪು, ಮಾರ್ಚ್ 31ರಂದು ಉಳಿದ ಸ್ಟಾಕಿನ ಬೆಲೆ ಹಿಡಿದು ಜೋಡಿಸುವುದು. ಆ ದಿನ ಮಳೆಗಾಲದ ಸಾಮಾನು ಇನ್ನೂ ಬಂದಿರುವುದಿಲ್ಲ, ಮೈಲುತುತ್ತ ಸೊನ್ನೆ ಇದ್ದರೂ ಇರಬಹುದು. ಆಗ ಮೂರನೇ ದೊಡ್ಡ ಖರ್ಚು ಪಟ್ಟಿಯ ತಳಕ್ಕೆ ಹೋಗಿ ಕೂರುತ್ತದೆ.

ಹಂತ 5: ಎ ಗುಂಪಿನ ಖರೀದಿ ಹೇಗೆ ಬಿಗಿ ಮಾಡುವುದು

ಇಲ್ಲಿಂದಲೇ ನಿಜವಾದ ಕೆಲಸ ಶುರು. ಎ ಸಾಮಾನಿನ ಪ್ರತಿ ಆರ್ಡರಿಗೂ ಮಾಲೀಕರ ಅಥವಾ ಮ್ಯಾನೇಜರರ ಸಹಿ ಇರಲಿ. ಮೂರು ಕಡೆ ದರ ಕೇಳಿ, ತೋಟಕ್ಕೆ ಇಳಿದ ದರದಲ್ಲೇ ಹೋಲಿಸಿ. ಪೊಟ್ಯಾಷ್ ಚೀಲಕ್ಕೆ ₹40 ಕಡಿಮೆ ಸಿಕ್ಕರೆ ವರ್ಷಕ್ಕೆ ₹6,400. ನಾಝಲ್ಲಿಗೆ ಹತ್ತು ರೂಪಾಯಿ ಇಳಿಸಿದರೆ, ವರ್ಷದ 60 ನಾಝಲ್ಲಿಗೆ ಸಿಗುವುದು ₹600. ಒಂದೇ ಮಧ್ಯಾಹ್ನವನ್ನು ಎಲ್ಲಿ ಕಳೆಯಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಷ್ಟು ಬೇಕೇ? 160 ಚೀಲ ಪೊಟ್ಯಾಷ್ ಅನ್ನುವುದು ಹೋದ ವರ್ಷದ ಅಭ್ಯಾಸವೋ, ಮಣ್ಣಿನ ಅಗತ್ಯವೋ? ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು. ಯಾವುದಾದರೂ ಬ್ಲಾಕಿಗೆ ಪೊಟ್ಯಾಷ್ ಕಡಿಮೆ ಸಾಕು ಅಂತ ವರದಿ ಬಂದು ಹತ್ತು ಚೀಲ ತಗ್ಗಿದರೆ ₹17,000 ಉಳಿಯಿತು. ಅಷ್ಟನ್ನು ಚೌಕಾಸಿಯಲ್ಲಿ ಗಳಿಸುವುದು ಕಷ್ಟ. ಜಾಸ್ತಿ ಬೇಕು ಅಂತಲೂ ವರದಿ ಬರಬಹುದು. ಆಗ ಕೊಳ್ಳುವ ಚೀಲಕ್ಕೆ ಒಂದು ಕಾರಣವಾದರೂ ಇರುತ್ತದೆ.

ಎ ಸಾಮಾನನ್ನು ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಳ್ಳಿ ಅನ್ನುವುದು ಪುಸ್ತಕದ ನಿಯಮ. ದುಡ್ಡು ಸ್ಟೋರಿನಲ್ಲಿ ಕಟ್ಟಿಹಾಕಿದಂತೆ ಇರಬಾರದು ಅನ್ನುವುದು ಅದರ ಉದ್ದೇಶ. ದಿನವೂ ಒಂದೇ ಸಮ ಬಳಸುವ ಕಾರ್ಖಾನೆಗೆ ಇದು ಸರಿ. ನಮ್ಮಲ್ಲಿ ಗೊಬ್ಬರ ಹೋಗುವುದು ಸರದಿಯಲ್ಲಿ: ಹೂವಿಗೆ ಮೊದಲು, ಹೂವಾದ ಮೇಲೆ, ಮಳೆಗಾಲದ ನಡುವೆ ಬಿಡುವು ಸಿಕ್ಕಾಗ, ಮಳೆ ಮುಗಿದ ಮೇಲೆ. ಹಾಗಾಗಿ "ಆಗಾಗ" ಅನ್ನುವುದನ್ನು "ಸರದಿಗೊಮ್ಮೆ" ಅಂತ ಓದಿಕೊಳ್ಳಿ. ನಾಲ್ಕು ಸರದಿಗೂ ಸಮ ಪಾಲು ಹಾಕುವವರಾದರೆ ಪೊಟ್ಯಾಷ್ ಪ್ರತಿ ಸಲ 40 ಚೀಲ. ವರ್ಷದ್ದೆಲ್ಲ ಒಮ್ಮೆಲೇ ತಂದರೆ ₹2,72,000 ಕಟ್ಟಿಬೀಳುತ್ತದೆ, ಸರದಿಗೆ ತಂದರೆ ₹68,000. ಮಲೆನಾಡಿನ ತೇವಕ್ಕೆ ಗೊಬ್ಬರ ಗಟ್ಟಿಯಾಗುವ ಕಾಟವೂ ಕಡಿಮೆ.

ಮಳೆಗಾಲದ ನಡುವಿನ ಸರದಿಯೊಂದು ಇದಕ್ಕೆ ಹೊರತು. ಜುಲೈ, ಆಗಸ್ಟ್‌ನಲ್ಲಿ ತೋಟದೊಳಗಿನ ದಾರಿಗೆ ಲಾರಿ ಬರದೇ ಇರಬಹುದು. ಆ 40 ಚೀಲವನ್ನು ಹೂವಾದ ಮೇಲಿನ ಸರದಿಯ ಜೊತೆಗೇ ತರಿಸಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಜೋಡಿಸಿ. ಎರಡು ಮೂರು ತಿಂಗಳು ₹68,000 ಕಟ್ಟಿಬೀಳುತ್ತದೆ ನಿಜ. ಗೊಬ್ಬರದ ಸರದಿ ತಪ್ಪುವುದಕ್ಕಿಂತ ಅದು ವಾಸಿ.

ಮೈಲುತುತ್ತದ ವಿಷಯದಲ್ಲೂ ಹೀಗೆಯೇ. ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿಗೆ ಮೊದಲು ಒಮ್ಮೆ, ಮಳೆಯ ನಡುವೆ ಬಿಡುವು ನೋಡಿ ಇನ್ನೊಮ್ಮೆ. ಮೊದಲ ಪಾಲು ಮೇ ತಿಂಗಳ ಮಧ್ಯದೊಳಗೆ ಸ್ಟೋರಿನಲ್ಲಿರಬೇಕು. ಎಲ್ಲರೂ ಕೊಳ್ಳುವ ವಾರದಲ್ಲೇ ನಾವೂ ಅಂಗಡಿಗೆ ಹೋದರೆ ದರದಲ್ಲಿ ಮಾತಾಡಲು ಜಾಗವಿರುವುದಿಲ್ಲ. ಸ್ಪ್ರೇ ನಡೆಯುವಷ್ಟು ದಿನ ದಿನವೂ ಸಂಜೆ ತೂಗಿ, ಹೊಡೆದ ಬ್ಯಾರಲ್ ಲೆಕ್ಕಕ್ಕೆ ತಾಳೆ ಹಾಕಿ. ಶೇ. 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತ. 200 ಲೀಟರಿನ 20 ಬ್ಯಾರಲ್ ಹೊಡೆದಿದ್ದರೆ 40 ಕಿಲೋ ಹೋಗಿರಬೇಕು. 46 ಹೋಗಿದ್ದರೆ ಅಂದೇ ಕೇಳಿ. ತಿಂಗಳ ಕೊನೆಗೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಡೀಸೆಲ್ ಮಾತ್ರ ವರ್ಷವಿಡೀ ಹೋಗುತ್ತದೆ, ಆದರೆ ಸಮವಾಗಿ ಅಲ್ಲ. ನಮ್ಮ ಲೆಕ್ಕದಲ್ಲಿ ಸ್ಪ್ರಿಂಕ್ಲರ್ ಓಡುವ 60 ದಿನ ದಿನಕ್ಕೆ 60 ಲೀಟರ್, ಅಂದರೆ 3,600. ಉಳಿದ ಸುಮಾರು 300 ದಿನಕ್ಕೆ ದಿನಕ್ಕೆ 8 ಲೀಟರಿನಂತೆ 2,400. ಡೀಸೆಲ್ ತರಿಸಲು 2 ದಿನ ಬೇಕು, 2 ದಿನದ್ದು ಕೈಯಲ್ಲಿ ಹೆಚ್ಚಿಗೆ ಇರಲಿ ಅಂದರೆ, ನೀರಾವರಿ ಕಾಲದಲ್ಲಿ 240 ಲೀಟರಿಗೆ ಇಳಿದ ಕೂಡಲೇ ಆರ್ಡರ್. ಉಳಿದ ಕಾಲದಲ್ಲಿ 32 ಲೀಟರ್ ಸಾಕು. ವರ್ಷಕ್ಕೆ ಒಂದೇ ಮಟ್ಟ ಇಟ್ಟುಕೊಂಡರೆ ಫೆಬ್ರವರಿಯಲ್ಲಿ ಪಂಪ್ ನಿಲ್ಲುತ್ತದೆ, ಇಲ್ಲವೇ ಆಗಸ್ಟ್‌ನಲ್ಲಿ ಬ್ಯಾರಲ್ ಸುಮ್ನೆ ತುಂಬಿರುತ್ತದೆ.

ಡೀಸೆಲ್ ಕೊಡುವಾಗ ಯಾವ ಯಂತ್ರಕ್ಕೆ, ಎಷ್ಟು ಗಂಟೆ ಓಡಿತು ಅಂತಲೂ ಬರೆಸಿ. ಗಂಟೆಗೆ 3 ಲೀಟರ್ ಕುಡಿಯುತ್ತಿದ್ದ ಪಂಪ್ 3.6ಕ್ಕೆ ಏರಿದರೆ, ಎಂಜಿನ್‌ಗೆ ರಿಪೇರಿ ಬೇಕು ಅಥವಾ ಡೀಸೆಲ್ ಬೇರೆಲ್ಲೋ ಹೋಗುತ್ತಿದೆ. ವಾರಕ್ಕೊಮ್ಮೆ ಅಳತೆ ಕೋಲು ಹಾಕಿ ಬ್ಯಾರಲ್ ನೋಡಿ. ಬೀಗದ ಮೊದಲ ಹಕ್ಕು ಇದಕ್ಕೇ.

ಹಂತ 6: ಬಿ ಮತ್ತು ಸಿ ಗುಂಪು

ಬಿ ಗುಂಪಿಗೆ ಎರಡು ಕಡೆ ದರ, ತಿಂಗಳಿಗೊಮ್ಮೆ ಎಣಿಕೆ ಸಾಕು. ಗೋಣಿಚೀಲ, ಟಾರ್ಪಾಲು ಕುಯ್ಲಿಗೆ ಒಂದು ತಿಂಗಳು ಮೊದಲು, ಹಳೆಯದರಲ್ಲಿ ಎಷ್ಟು ಮತ್ತೆ ಬಳಸಬಹುದು ಅಂತ ಆರಿಸಿದ ಮೇಲೆ ಕೊಳ್ಳಿ. ಯೂರಿಯಾ ಬಿಯಲ್ಲಿದ್ದರೂ ಉಳಿದ ಗೊಬ್ಬರದ ಲಾರಿಯಲ್ಲೇ ಬರಲಿ, ಅದಕ್ಕೆಂದು ಬೇರೆ ಬಾಡಿಗೆ ಕೊಡಬೇಡಿ.

ಸಿ ಗುಂಪಿಗೆ ವರ್ಷಕ್ಕೆ ಎರಡು ಸಲ ಒಟ್ಟಿಗೆ ಕೊಂಡುಬಿಡಿ. ಒಂದು ಮೊತ್ತದವರೆಗೆ ರೈಟರೇ ಕೊಳ್ಳಲಿ, ಪ್ರತಿ ಮೊಳೆಗೂ ಮಾಲೀಕರ ಸಹಿ ಬೇಡ. ನಾಝಲ್, ರಬ್ಬರ್ ರಿಂಗಿಗೆ ಎರಡು ಡಬ್ಬಿ ಇಡಿ. ಒಂದು ಖಾಲಿಯಾಗಿ ಎರಡನೆಯದನ್ನು ತೆರೆದ ದಿನವೇ ಪಟ್ಟಿಯಲ್ಲಿ ಬರೆಯಿರಿ. ಬೇರೆ ಲೆಕ್ಕ ಬೇಕಿಲ್ಲ.

ಹಂತ 7: ದುಡ್ಡಿನ ಲೆಕ್ಕ ಹೇಳದ ಸಾಮಾನುಗಳಿಗೆ ಗುರುತು ಹಾಕಿ

ಎಬಿಸಿ ನೋಡುವುದು ದುಡ್ಡನ್ನು ಮಾತ್ರ. ಯಾವುದು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಪಲ್ಪರ್ ರಬ್ಬರಿಗೆ ವರ್ಷಕ್ಕೆ ₹3,600, ಪಟ್ಟಿಯ ತಳದಲ್ಲಿದೆ. ಆದರೆ ಡಿಸೆಂಬರ್‌ನಲ್ಲಿ ಕುಯ್ದ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಬೇಕು. ರಬ್ಬರ್ ಹರಿದು ಪಲ್ಪರ್ ನಿಂತರೆ ಹಣ್ಣು ರಾಶಿಯಲ್ಲೇ ಕಾವು ಹಿಡಿದು ಹುಳಿಯುತ್ತದೆ, ಪಾರ್ಚ್‌ಮೆಂಟ್‌ನ ಗುಣ ಕೆಡುತ್ತದೆ. ಸ್ಪ್ರಿಂಕ್ಲರ್ ರಿಂಗು ₹20ರದ್ದು, ಹೂಮಳೆ ಕೈಕೊಟ್ಟ ವರ್ಷ ಅದಿಲ್ಲದೆ ಜೆಟ್ ಓಡುವುದಿಲ್ಲ. ಇಂಥವುಗಳ ಮುಂದೆ ನಕ್ಷತ್ರ ಹಾಕಿ, ಒಂದು ಸೆಟ್ ಯಾವಾಗಲೂ ಹೆಚ್ಚಿಗೆ ಇಡಿ. ದೊಡ್ಡ ಕಂಪನಿಗಳಲ್ಲಿ ಇದನ್ನು ವಿಇಡಿ ವಿಶ್ಲೇಷಣೆ ಅನ್ನುತ್ತಾರೆ: ಇಲ್ಲದೆ ನಡೆಯದ್ದು, ಬೇಕಾದದ್ದು, ಇದ್ದರೆ ಒಳ್ಳೆಯದು ಅಂತ ಮೂರು ಭಾಗ. ತೋಟಕ್ಕೆ ನಕ್ಷತ್ರವೇ ಸಾಕು.

ಸುಣ್ಣ ಇನ್ನೊಂದು ಬಗೆ. ಸಿ ಸಾಮಾನು, ಒಟ್ಟಿಗೆ ಕೊಳ್ಳಿ ಅಂತ ಎಬಿಸಿ ಹೇಳುತ್ತದೆ. ಹಾಗೆ ಮಾಡಿದರೆ ಕೆಡುತ್ತದೆ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಪುಡಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹಳೇ ಸುಣ್ಣ ಹಾಕಿ ಕಲಸಿದ ಬೋರ್ಡೋದಲ್ಲಿ ಹುಳಿ ಉಳಿದು ಎಲೆ ಸುಡುತ್ತದೆ. ಹೊಳಪಿನ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆದ್ದರಿಂದ ಸುಣ್ಣವನ್ನು ಸ್ಪ್ರೇಗೆ ಸ್ವಲ್ಪ ದಿನ ಮೊದಲು, ಪ್ರತಿ ಸರದಿಗೂ ಹೊಸದಾಗಿ ತರಿಸಿ. ₹15,000ದ ಸಾಮಾನು ಕೆಟ್ಟರೆ ₹2,34,000ದ ಮೈಲುತುತ್ತವೂ ಹಾಳು.

ಹಂತ 8: ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಜೋಡಿಸಿ

ಹಳೇ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದು ಮಾಡಿ. ಮಳೆ ಜಾಸ್ತಿಯಾಗಿ ಒಂದು ಸ್ಪ್ರೇ ಹೆಚ್ಚಿಗೆ ಹೊಡೆದಿದ್ದರೆ ಮೈಲುತುತ್ತ ಮೇಲೇರುತ್ತದೆ. ಅದು ಆ ವರ್ಷದ ಮಾತು, ಮುಂದಿನ ವರ್ಷದ ಆರ್ಡರಿಗೆ ಅದನ್ನೇ ಅಳತೆ ಮಾಡಬೇಡಿ. ಕೆಲಸದ ರೀತಿಯೇ ಬದಲಾಗಿದ್ದರೆ ಮಾತ್ರ ಹೊಸ ಲೆಕ್ಕ. ನೀರಾವರಿಗೆ ಕರೆಂಟ್ ಮೋಟಾರ್ ಹಾಕಿಸಿದಿರಿ ಅನ್ನೋಣ. 3,600 ಲೀಟರ್ ಹೋಗಿ ಡೀಸೆಲ್ 2,400 ಲೀಟರಿಗೆ, ₹2,16,000ಕ್ಕೆ ಇಳಿಯುತ್ತದೆ. ಸ್ಟೋರಿನ ಒಟ್ಟು ₹12,39,000 ಆಗುತ್ತದೆ, ಪೊಟ್ಯಾಷ್ ಮೊದಲ ಸಾಲಿಗೆ ಬರುತ್ತದೆ, ಡೀಸೆಲ್ ಮೂರನೆಯದಾದರೂ ಎ ಗುಂಪಿನಲ್ಲೇ ಉಳಿಯುತ್ತದೆ. ಕಡಿಮೆಯಾದ ₹3,24,000ದಲ್ಲಿ ನಿಜವಾಗಿ ಉಳಿದದ್ದೆಷ್ಟು ಅಂತ ತಿಳಿಯಲು ಕರೆಂಟ್ ಬಿಲ್ಲನ್ನು ಪಕ್ಕಕ್ಕಿಟ್ಟು ನೋಡಬೇಕು, ಏಕೆಂದರೆ ಆ ಖರ್ಚು ಸ್ಟೋರಿನ ಪಟ್ಟಿಗೆ ಬರುವುದೇ ಇಲ್ಲ.